ಮನೆ ಅಡವಿಟ್ಟು ತಿಂಗಳ ಖರ್ಚಿಗೆ ದುಡ್ಡು: ರಿವರ್ಸ್ ಮಾರ್ಟ್‌ಗೇಜ್ ಹೇಗೆ ನಡೆಯುತ್ತದೆ, ಮಕ್ಕಳಿಗೆ ಕೊನೆಗೆ ಏನು ಉಳಿಯುತ್ತದೆ

ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ ಸ್ವಂತ ಮನೆ ಇದೆ. ಮಾರಿದರೆ 80 ಲಕ್ಷ ಬರುತ್ತದೆ. ಆದರೆ ಕೈಯಲ್ಲಿ ನಗದು ಇಲ್ಲ, ಪಿಂಚಣಿ ಸಾಲುತ್ತಿಲ್ಲ, ಮಕ್ಕಳನ್ನು ಪ್ರತಿ ತಿಂಗಳೂ ಕೇಳುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಇಂಥ ಹಿರಿಯರಿಗೆಂದೇ ಇರುವ ಸಾಲ ರಿವರ್ಸ್ ಮಾರ್ಟ್‌ಗೇಜ್. 2007-08ರ ಕೇಂದ್ರ ಬಜೆಟ್‌ನಲ್ಲಿ ಇದರ ಘೋಷಣೆಯಾಯಿತು. ಇದಕ್ಕೆ ನಿಯಮಾವಳಿ ರೂಪಿಸಿದ್ದು ರಾಷ್ಟ್ರೀಯ ವಸತಿ ಬ್ಯಾಂಕ್. ಮಾಮೂಲಿ ಗೃಹಸಾಲದಲ್ಲಿ ನಾವು ಪ್ರತಿ ತಿಂಗಳು ಬ್ಯಾಂಕಿಗೆ ಕಂತು ಕಟ್ಟುತ್ತೇವೆ. ಇಲ್ಲಿ ಬ್ಯಾಂಕೇ ಪ್ರತಿ ತಿಂಗಳು ನಮ್ಮ ಖಾತೆಗೆ ಹಾಕುತ್ತದೆ. ಮನೆ ನಮ್ಮ ಹೆಸರಲ್ಲೇ ಇರುತ್ತದೆ, ನಾವು ಅಲ್ಲೇ ಇರುತ್ತೇವೆ. ಬದುಕಿರುವವರೆಗೆ ಅಸಲೂ ಕಟ್ಟಬೇಕಾಗಿಲ್ಲ, ಬಡ್ಡಿಯೂ ಕಟ್ಟಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ಹೋದ ಮೇಲೆ ಸಾಲ ಮತ್ತು ಬಡ್ಡಿ ಒಟ್ಟಿಗೆ ವಸೂಲಿಗೆ ಬರುತ್ತದೆ.

ಇಷ್ಟನ್ನು ಬ್ಯಾಂಕಿನ ಕರಪತ್ರವೇ ಹೇಳುತ್ತದೆ. ಕರಪತ್ರದಲ್ಲಿ ಸಿಗದ್ದು ಎರಡು ವಿಷಯ. ತಿಂಗಳ ಮೊತ್ತ ಯಾಕೆ ಅಷ್ಟು ಕಡಿಮೆ ಬರುತ್ತದೆ ಅನ್ನುವುದು ಒಂದು. ಸಾಲ ಒಳಗೊಳಗೇ ಹೇಗೆ ಬೆಳೆದು ಮಕ್ಕಳ ಮುಂದೆ ಬಂದು ನಿಲ್ಲುತ್ತದೆ ಅನ್ನುವುದು ಇನ್ನೊಂದು. ಈ ಬರಹದ ಹೆಚ್ಚಿನ ಜಾಗ ಇವೆರಡಕ್ಕೇ.

ಮೊದಲ ಹೆಜ್ಜೆ: ನಿಮ್ಮ ಮನೆ ಇದಕ್ಕೆ ಒಗ್ಗುತ್ತದೆಯೇ ನೋಡಿ

ಸಾಲ ಕೇಳುವವರಿಗೆ 60 ವರ್ಷ ತುಂಬಿರಬೇಕು. ದಂಪತಿ ಜಂಟಿಯಾಗಿ ಕೇಳಿದರೆ ಒಬ್ಬರಿಗೆ 60 ಆಗಿದ್ದರೆ ಸಾಕು. ಇನ್ನೊಬ್ಬರಿಗೆ ಕನಿಷ್ಠ ಎಷ್ಟಾಗಿರಬೇಕು ಅನ್ನುವುದು ಬ್ಯಾಂಕಿಂದ ಬ್ಯಾಂಕಿಗೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ 55ರಿಂದ 58ರ ಒಳಗೆ ಇರುತ್ತದೆ.

ಮನೆ ಸ್ವಯಾರ್ಜಿತ ಆಗಿರಬೇಕು. ಅಂದರೆ ನೀವೇ ದುಡಿದು ಕೊಂಡದ್ದು ಅಥವಾ ಕಟ್ಟಿಸಿದ್ದು. ತಾತನ ಕಾಲದ, ಇನ್ನೂ ಪಾಲಾಗದ ಪಿತ್ರಾರ್ಜಿತ ಮನೆಯನ್ನು ಬ್ಯಾಂಕು ಮುಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಮಕ್ಕಳಿಗೆ, ಅಣ್ಣತಮ್ಮಂದಿರಿಗೆ, ಹೆಣ್ಣುಮಕ್ಕಳಿಗೆ ಆಗಲೇ ಹಕ್ಕಿದೆ. ಕ್ರಯಪತ್ರ, ಇಸಿ, ಖಾತೆ, ಕಂದಾಯ ಕಟ್ಟಿದ ರಸೀದಿ ಎಲ್ಲ ಒಂದಕ್ಕೊಂದು ಹೊಂದಬೇಕು. ಬೆಂಗಳೂರಿನ ಬಿ ಖಾತಾ ಮನೆಗಳು, ಕನ್ವರ್ಷನ್ ಆಗದ ರೆವಿನ್ಯೂ ಸೈಟಿನ ಮನೆಗಳು ಇಲ್ಲೇ ನಿಂತುಬಿಡುತ್ತವೆ. ಕಟ್ಟಡಕ್ಕೆ ಇನ್ನೂ ಕನಿಷ್ಠ 20 ವರ್ಷ ಆಯುಸ್ಸು ಇರಬೇಕು ಅನ್ನುವ ನಿಯಮವೂ ಇದೆ. ಹಳೆಯ ಅಪಾರ್ಟ್‌ಮೆಂಟುಗಳಿಗೆ ಇದೇ ದೊಡ್ಡ ತೊಡಕು.

ನಮ್ಮ ಕಡೆ ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಮೇಲೆ ತಾವು, ಕೆಳಗೆ ಬಾಡಿಗೆಯವರು. ಈ ಸಾಲ ನೀವೇ ವಾಸ ಇರುವ ಮನೆಗೆ ಮಾತ್ರ. ಸಾಲ ತೆಗೆದುಕೊಂಡ ಮೇಲೆ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟರೂ ಬ್ಯಾಂಕು ಸಾಲವನ್ನು ವಾಪಸ್ ಕೇಳುವುದಕ್ಕೆ ಅದು ಕಾರಣ ಆಗಬಹುದು ಎಂದು ವಸತಿ ಬ್ಯಾಂಕಿನ ನಿಯಮಾವಳಿಯಲ್ಲೇ ಇದೆ. ಈಗಾಗಲೇ ಬಾಡಿಗೆಯವರಿದ್ದರೆ ಅದನ್ನು ಮುಚ್ಚಿಡಬೇಡಿ. "ಬಾಡಿಗೆ ಮುಂದುವರಿಸಬಹುದೇ?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೌಂಟರಿನಲ್ಲಿ "ಪರವಾಗಿಲ್ಲ ಸಾರ್" ಅಂದದ್ದು ಹತ್ತು ವರ್ಷದ ನಂತರ ಯಾರ ನೆನಪಿನಲ್ಲೂ ಇರುವುದಿಲ್ಲ. ಬಾಡಿಗೆಯೇ ತಿಂಗಳಿಗೆ 12 ಸಾವಿರ ಬರುತ್ತಿದ್ದರೆ, ಅದನ್ನು ಬಿಟ್ಟು ಈ ಸಾಲಕ್ಕೆ ಹೋಗುವುದರಲ್ಲಿ ಅರ್ಥವೇ ಇಲ್ಲ. ಮುಂದಿನ ಲೆಕ್ಕ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ತಿಂಗಳ ಮೊತ್ತವನ್ನು ಮನೆಯಲ್ಲೇ ಲೆಕ್ಕ ಹಾಕಿ

ಬ್ಯಾಂಕಿಗೆ ಹೋಗುವ ಮುಂಚೆ ಈ ಲೆಕ್ಕ ನಿಮ್ಮ ಕೈಯಲ್ಲಿರಲಿ. ಉದಾಹರಣೆಗೆ ಒಬ್ಬ ದಂಪತಿ. ಗಂಡನಿಗೆ 68, ಹೆಂಡತಿಗೆ 63. ಮನೆಯ ಬೆಲೆ 80 ಲಕ್ಷ. ಬ್ಯಾಂಕು ಇದರ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ವಯಸ್ಸು ನೋಡಿ ಒಂದು ಪಾಲು ನಿಗದಿ ಮಾಡುತ್ತದೆ. ವಯಸ್ಸು ಹೆಚ್ಚಿದ್ದಷ್ಟೂ ಪಾಲು ಹೆಚ್ಚು. ನಮ್ಮ ಲೆಕ್ಕಕ್ಕೆ ಶೇ. 60 ಎಂದು ಇಟ್ಟುಕೊಳ್ಳೋಣ. ಅಂದರೆ 48 ಲಕ್ಷ. ಬಡ್ಡಿ ಶೇ. 10, ಅವಧಿ 15 ವರ್ಷ.

ಇಲ್ಲಿ ಎಲ್ಲರೂ ಮಾಡುವ ಲೆಕ್ಕ ಒಂದಿದೆ. 48 ಲಕ್ಷವನ್ನು 180 ತಿಂಗಳಿಗೆ ಭಾಗಿಸಿ, ತಿಂಗಳಿಗೆ 26 ಸಾವಿರಕ್ಕಿಂತ ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದು 11,581 ರೂಪಾಯಿ. ಯಾಕೆಂದರೆ ಆ 48 ಲಕ್ಷ ನಿಮ್ಮ ಕೈಗೆ ಬರುವ ಹಣವಲ್ಲ. 15ನೇ ವರ್ಷದ ಕೊನೆಗೆ ಅಸಲು ಬಡ್ಡಿ ಎಲ್ಲ ಸೇರಿ ಸಾಲ ಎಷ್ಟಕ್ಕೆ ಮುಟ್ಟಬಹುದೋ, ಆ ಮಿತಿ ಅದು. ಕೈಗೆ ಬರುವುದು 15 ವರ್ಷದಲ್ಲಿ ಒಟ್ಟು 20 ಲಕ್ಷದ 85 ಸಾವಿರದಷ್ಟು. ಉಳಿದ 27 ಲಕ್ಷಕ್ಕೂ ಹೆಚ್ಚು ಬಡ್ಡಿ.

ಮನೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ ಇದ್ದರೆ ಇದನ್ನು ನೀವೇ ನೋಡಬಹುದು. ಒಂದು ಖಾನೆಯಲ್ಲಿ ಹೀಗೆ ಟೈಪ್ ಮಾಡಿ:

```
=PMT(10%/12,180,0,-4800000)
```

ಇಲ್ಲಿ 10% ಬಡ್ಡಿ ದರ, 180 ತಿಂಗಳ ಸಂಖ್ಯೆ, ಕೊನೆಯದು ಸಾಲದ ಮಿತಿ. ನಿಮ್ಮ ಬ್ಯಾಂಕು ಹೇಳಿದ ಸಂಖ್ಯೆಗಳನ್ನು ಹಾಕಿದರೆ ನಿಮ್ಮ ತಿಂಗಳ ಮೊತ್ತ ಬರುತ್ತದೆ. ಬ್ಯಾಂಕು ಕೊಟ್ಟ ಅಂಕಿ ಇದಕ್ಕಿಂತ ತುಂಬ ಕಡಿಮೆ ಇದ್ದರೆ, ಏನು ಕಳೆದಿದ್ದಾರೆ ಎಂದು ಕೇಳಿ. ಪ್ರೊಸೆಸಿಂಗ್ ಶುಲ್ಕ, ವಕೀಲರ ಶುಲ್ಕ, ಬೆಲೆ ಕಟ್ಟುವವರ ಶುಲ್ಕ ಎಲ್ಲವನ್ನೂ ಸಾಲಕ್ಕೇ ಸೇರಿಸಿರಬಹುದು.

ಈಗ ಈ ಸಾಲ ಹೇಗೆ ಬೆಳೆಯುತ್ತದೆ ನೋಡಿ. ಮೊದಲ ತಿಂಗಳು 11,581 ರೂಪಾಯಿ ಬಂತು. ಅದರ ಮೇಲೆ ಒಂದು ತಿಂಗಳ ಬಡ್ಡಿ ಬರೀ 96 ರೂಪಾಯಿ ಚಿಲ್ಲರೆ. ಏನೂ ಅನ್ನಿಸುವುದಿಲ್ಲ. ಆದರೆ ಆ ಬಡ್ಡಿಯನ್ನು ಯಾರೂ ಕಟ್ಟುತ್ತಿಲ್ಲ. ಅದು ಸಾಲಕ್ಕೆ ಸೇರಿ, ಮುಂದಿನ ತಿಂಗಳು ಅದರ ಮೇಲೂ ಬಡ್ಡಿ ಬೀಳುತ್ತದೆ. ಏಳನೇ ವರ್ಷ ಮುಗಿಯುವ ಹೊತ್ತಿಗೆ ಒಂದು ತಿರುವು ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ತಿಂಗಳು ನಿಮಗೆ ಸಿಗುವ ಹಣಕ್ಕಿಂತ ಆ ತಿಂಗಳು ಸೇರುವ ಬಡ್ಡಿಯೇ ಜಾಸ್ತಿ. ಕೊನೆಯ, ಅಂದರೆ 180ನೇ ತಿಂಗಳಲ್ಲಿ ಕೈಗೆ ಬರುವುದು ಅದೇ 11,581. ಆ ತಿಂಗಳ ಬಡ್ಡಿ 39 ಸಾವಿರದ 500 ರೂಪಾಯಿ ದಾಟಿರುತ್ತದೆ.

ಇದನ್ನು ಮೋಸ ಅನ್ನುವಂತಿಲ್ಲ. ಚಕ್ರಬಡ್ಡಿ ಹಾಗೇ ನಡೆಯುವುದು. ಆದರೆ ಸಹಿ ಹಾಕುವವರಿಗೂ ಅವರ ಮಕ್ಕಳಿಗೂ ಇದು ಮೊದಲೇ ಗೊತ್ತಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂರನೇ ಹೆಜ್ಜೆ: ಅವಧಿಯನ್ನು ಚಿಕ್ಕವರ ವಯಸ್ಸು ನೋಡಿ ಆರಿಸಿ

ಅದೇ ಮನೆ, ಅದೇ ಬಡ್ಡಿಗೆ 10 ವರ್ಷದ ಅವಧಿ ಕೇಳಿದರೆ ತಿಂಗಳಿಗೆ 23,432 ಬರುತ್ತದೆ. 20 ವರ್ಷ ಕೇಳಿದರೆ 6,321ಕ್ಕೆ ಇಳಿಯುತ್ತದೆ. ಹತ್ತು ವರ್ಷದ್ದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಅಲ್ವಾ? ಆದರೆ ಅವಧಿ ಮುಗಿದ ದಿನ ಆ ಹಣ ನಿಲ್ಲುತ್ತದೆ.

ಮನೆ ಬಿಡಬೇಕಾಗಿಲ್ಲ, ಅದು ನಿಜ. ಅವಧಿ ಮುಗಿದ ಮೇಲೂ ಇಬ್ಬರಲ್ಲಿ ಒಬ್ಬರು ಬದುಕಿರುವವರೆಗೆ ಅದೇ ಮನೆಯಲ್ಲಿ ಇರಬಹುದು, ಏನೂ ಕಟ್ಟಬೇಕಾಗಿಲ್ಲ. ಆದರೆ ತಿಂಗಳ ಹಣ ಬರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಹತ್ತು ವರ್ಷದ ಅವಧಿಯಾದರೆ ಹಣ ನಿಲ್ಲುವಾಗ ಹೆಂಡತಿಗೆ 73. ಗಂಡ ಆ ಹೊತ್ತಿಗೆ ಇಲ್ಲದೇ ಹೋಗಿದ್ದರೆ ಅವರ ಪಿಂಚಣಿಯೂ ಕಡಿಮೆಯಾಗಿರುತ್ತದೆ. ಔಷಧಿ ಖರ್ಚು ಜಾಸ್ತಿಯಾಗುವ ವಯಸ್ಸೂ ಅದೇ. ಹಾಗಾಗಿ ಅವಧಿ ಲೆಕ್ಕ ಹಾಕುವಾಗ ದೊಡ್ಡವರ ವಯಸ್ಸು ಬಿಡಿ, ಚಿಕ್ಕವರ ವಯಸ್ಸು ಇಟ್ಟುಕೊಳ್ಳಿ. ಮೊತ್ತ ತೀರಾ ಕಡಿಮೆ ಅನ್ನಿಸಿದರೆ, ಸಾಧ್ಯವಿದ್ದಷ್ಟು ವರ್ಷ ಠೇವಣಿಯ ಹಣದಲ್ಲಿ ನಡೆಸಿ, 72-73ಕ್ಕೆ ಈ ಸಾಲ ತೆಗೆದುಕೊಳ್ಳುವುದು 62ಕ್ಕೆ ತೆಗೆದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಜೀವನಪೂರ್ತಿ ಹಣ ಬರುವ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಬ್ಯಾಂಕು ಸಾಲದ ದೊಡ್ಡ ಮೊತ್ತವನ್ನು ಒಟ್ಟಿಗೆ ಒಂದು ಜೀವವಿಮಾ ಕಂಪನಿಗೆ ಕೊಡುತ್ತದೆ. ವಿಮಾ ಕಂಪನಿ ನೀವು ಇರುವವರೆಗೆ ತಿಂಗಳು ತಿಂಗಳು ಕೊಡುತ್ತಾ ಹೋಗುತ್ತದೆ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಮತ್ತು ಸ್ಟಾರ್ ಯೂನಿಯನ್ ದಾಯ್-ಇಚಿ ಸೇರಿ ಇದನ್ನು ಮೊದಲು ತಂದದ್ದು. ನೆಮ್ಮದಿಯ ದೃಷ್ಟಿಯಿಂದ ಇದು ಒಳ್ಳೆಯದು. ಆದರೆ ದೊಡ್ಡ ಮೊತ್ತ ಮೊದಲ ದಿನವೇ ಬ್ಯಾಂಕಿನಿಂದ ಹೊರಟಿರುವುದರಿಂದ ಅಷ್ಟರ ಮೇಲೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಸಾಲ ಬೇಗ ಬೆಳೆಯುತ್ತದೆ.

ಒಂದೇ ಸಲ ದೊಡ್ಡ ಮೊತ್ತ ಬೇಕಿದ್ದರೆ, ಮುಖ್ಯವಾಗಿ ಆಸ್ಪತ್ರೆ ಖರ್ಚಿಗೆ, ಅದಕ್ಕೂ ಅವಕಾಶ ಇದೆ, ಮಿತಿಯೊಳಗೆ. ವ್ಯಾಪಾರಕ್ಕೆ, ಷೇರಿಗೆ ಈ ಹಣ ಬಳಸುವಂತಿಲ್ಲ. ಮಗನ ಅಂಗಡಿಗೆ ಬಂಡವಾಳ ಹಾಕಲು ಇದನ್ನು ತೆಗೆಯುವುದು ನಿಯಮಕ್ಕೂ ವಿರುದ್ಧ, ಬುದ್ಧಿವಂತಿಕೆಯೂ ಅಲ್ಲ.

ತೆರಿಗೆ ವಿಷಯದಲ್ಲಿ ಹಿರಿಯರಿಗೆ ನೆಮ್ಮದಿ ಇದೆ. ತಿಂಗಳು ತಿಂಗಳು ಬರುವುದು ಸಾಲವೇ ಹೊರತು ಆದಾಯ ಅಲ್ಲ. 2008ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ವಿನಾಯಿತಿ ಕೊಟ್ಟರು. ಮನೆ ಅಡ ಇಟ್ಟದ್ದನ್ನು ಮಾರಾಟ ಎಂದು ನೋಡುವುದಿಲ್ಲ ಎಂದೂ ಸೇರಿಸಿದರು.

ನಾಲ್ಕನೇ ಹೆಜ್ಜೆ: ಸಹಿಗೆ ಮುಂಚೆ ಮನೆಯೊಳಗೆ ಮುಗಿಸಬೇಕಾದ ಕೆಲಸ

ಹೆಂಡತಿಯ ಹೆಸರು. ನಮ್ಮಲ್ಲಿ ಹೆಚ್ಚಿನ ಮನೆಗಳು ಗಂಡನ ಹೆಸರಲ್ಲಿವೆ. ಸಾಲ ಅವರೊಬ್ಬರ ಹೆಸರಲ್ಲೇ ಆದರೆ, ಅವರು ತೀರಿಕೊಂಡ ದಿನ ಸಾಲ ವಸೂಲಿಗೆ ಬಂದುಬಿಡುತ್ತದೆ. ಹೆಂಡತಿ ಇನ್ನೂ ಮನೆಯಲ್ಲೇ ಇರುತ್ತಾರೆ, ಆದರೆ ನಿಯಮದ ರಕ್ಷಣೆ ಅವರಿಗೆ ಇರುವುದಿಲ್ಲ. ಆದ್ದರಿಂದ ಹೆಂಡತಿ ಜಂಟಿ ಸಾಲಗಾರರಾಗಿ ಸಹಿ ಹಾಕಲೇಬೇಕು. ಹೆಂಡತಿಗೆ ವಯಸ್ಸಿನ ಅರ್ಹತೆ ಬಂದಿಲ್ಲದಿದ್ದರೆ, ಬರುವವರೆಗೆ ಕಾಯಿರಿ. ಇದೊಂದರಲ್ಲಿ ರಾಜಿ ಬೇಡ. ಮನೆಯ ದಾಖಲೆಗೇ ಹೆಂಡತಿಯ ಹೆಸರು ಸೇರಿಸುವ ಇರಾದೆ ಇದ್ದರೆ ಅದನ್ನು ಸಾಲಕ್ಕೆ ಮುಂಚೆ ಮಾಡಿ. ಸಾಲ ಆದ ಮೇಲೆ ಹೊಸ ಮಾಲೀಕರನ್ನು ಸೇರಿಸಿದರೆ ಅದು ಷರತ್ತು ಮುರಿದಂತೆ.

ಉಯಿಲು. ಮನೆಯಲ್ಲಿ ಸಾಲ ಕಳೆದು ಉಳಿದದ್ದು ಯಾರಿಗೆ ಎಂದು ಸ್ಪಷ್ಟವಾಗಿ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಕೆಲವು ಬ್ಯಾಂಕು ಇದನ್ನು ಕೇಳಿಯೇ ಕೇಳುತ್ತವೆ. ಉಯಿಲಿನಲ್ಲಿ ಈ ಸಾಲದ ಉಲ್ಲೇಖವೂ ಇರಲಿ. ಹಿಂದೂ ಕುಟುಂಬದಲ್ಲಿ ಉಯಿಲು ಇಲ್ಲದೆ ಅಪ್ಪ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅಜ್ಜಿ, ಎಲ್ಲರಿಗೂ ಸಮಪಾಲು. ಮನೆ ಮಾರಲು ಅಷ್ಟೂ ಜನ ಒಪ್ಪಿ ಸಹಿ ಹಾಕಬೇಕು. ಆ ಹೊತ್ತಿಗೆ ಸಾಲದ ಗಡಿಯಾರ ಓಡುತ್ತಿರುತ್ತದೆ.

ಮಕ್ಕಳ ಜೊತೆ ಮಾತು. ಸ್ವಯಾರ್ಜಿತ ಮನೆಗೆ ಮಕ್ಕಳ ಒಪ್ಪಿಗೆ ಕಾನೂನಿನಲ್ಲಿ ಬೇಕಾಗಿಲ್ಲ. ಆದರೂ ಹೇಳಿ. "ಅಪ್ಪ, ಮನೇನೇ ಹೋಗುತ್ತಾ?" ಎಂದು ಮಗಳು ಗಾಬರಿಯಾದರೆ ಮೇಲಿನ ಲೆಕ್ಕವನ್ನು ಅವಳ ಮುಂದಿಡಿ. ಎಷ್ಟೋ ಮನೆಗಳಲ್ಲಿ ಈ ಮಾತು ಬಂದಾಗಲೇ, "ಆ 11 ಸಾವಿರ ನಾವಿಬ್ಬರು ಹಂಚಿಕೊಂಡು ಕೊಡ್ತೀವಿ, ಸಾಲ ಬೇಡ" ಅನ್ನುವ ಮಕ್ಕಳೂ ಇರುತ್ತಾರೆ. ಮಕ್ಕಳಿಗೆ ಅದು ಲಾಭವೇ. 20 ಲಕ್ಷ ಕೊಟ್ಟು ಕೊನೆಗೆ 48 ಲಕ್ಷದ ಸಾಲ ತಪ್ಪಿಸಿಕೊಂಡಂತೆ. ಹಾಗೆ ಕೊಡುವುದಾದರೆ ಯಾರು ಎಷ್ಟು ಕೊಟ್ಟರು ಎಂದು ಬ್ಯಾಂಕ್ ಖಾತೆ ಮೂಲಕವೇ ಕೊಟ್ಟು ದಾಖಲೆ ಇಟ್ಟುಕೊಳ್ಳಿ. ಮುಂದೆ ಪಾಲಿನ ಮಾತು ಬಂದಾಗ ಬೇಕಾಗುತ್ತದೆ.

ಜೊತೆಯಲ್ಲೇ ಇದ್ದು ನೋಡಿಕೊಳ್ಳುವ ಮಗಳೋ ಮಗನೋ ಇದ್ದರೆ ಅವರಿಗೆ ಇದನ್ನು ಪ್ರತ್ಯೇಕವಾಗಿ ತಿಳಿಸಿ: ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಮುಂದುವರಿಯುವ ಹಕ್ಕು, ಸಾಲ ತೀರಿಸದ ಹೊರತು, ಅವರಿಗೆ ಇರುವುದಿಲ್ಲ. ಇದನ್ನು ತಿಳಿಸದೆ ಬಿಡುವುದು ಅವರಿಗೆ ಮಾಡುವ ಅನ್ಯಾಯ.

ಸಹಿ ಆದ ಮೇಲೆ ಮನಸ್ಸು ಬದಲಾದರೆ ಹಿಂದೆ ಸರಿಯಲು ಮೂರು ದಿನದ ಅವಕಾಶ ನಿಯಮಾವಳಿಯಲ್ಲಿದೆ. ಆಮೇಲೂ ದಂಡ ಇಲ್ಲದೆ ಯಾವಾಗ ಬೇಕಾದರೂ ಸಾಲ ತೀರಿಸಬಹುದು.

ಸಾಲ ನಡೆಯುತ್ತಿರುವಾಗ

ಮನೆ ಕಂದಾಯ ಪ್ರತಿ ವರ್ಷ ಕಟ್ಟಬೇಕು, ವಿಮೆ ನವೀಕರಿಸಬೇಕು, ಸೋರುವ ಸೂರು ರಿಪೇರಿ ಮಾಡಿಸಬೇಕು. ಇವು ತಪ್ಪಿದರೆ ಸಾಲ ವಾಪಸ್ ಕೇಳಲು ಬ್ಯಾಂಕಿಗೆ ಹಕ್ಕು ಬರುತ್ತದೆ. ರಸೀದಿಗಳನ್ನು ಒಂದು ಫೈಲಿನಲ್ಲಿಡಿ.

ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಮೊಮ್ಮಗು ಹುಟ್ಟಿತು ಎಂದು ಆರು ತಿಂಗಳು ಹೋಗಿ ಬರುವುದಕ್ಕೆ ತೊಂದರೆ ಇಲ್ಲ. ಆದರೆ ಒಂದು ವರ್ಷ ಸತತವಾಗಿ ಮನೆಯಲ್ಲಿ ವಾಸ ಇಲ್ಲದಿದ್ದರೆ ಮನೆ ಬಿಟ್ಟುಹೋದಂತೆ ಎಂದು ಪರಿಗಣಿಸಿ ಸಾಲ ವಸೂಲಿಗೆ ತರಬಹುದು. ವೃದ್ಧಾಶ್ರಮಕ್ಕೆ ಅಥವಾ ಮಗಳ ಮನೆಗೆ ಕಾಯಂ ಆಗಿ ಹೋದರೂ ಹಾಗೇ. ದೂರ ಹೋಗುವ ಮುಂಚೆ ಶಾಖೆಗೆ ಒಂದು ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಐದು ವರ್ಷಕ್ಕೊಮ್ಮೆಯಾದರೂ ಬ್ಯಾಂಕು ಮನೆಯ ಬೆಲೆಯನ್ನು ಮತ್ತೆ ಕಟ್ಟುತ್ತದೆ. ಬೆಲೆ ಏರಿದ್ದರೆ ತಿಂಗಳ ಮೊತ್ತ ಏರಿಸಲು ಕೇಳಬಹುದು. ತಾನಾಗಿ ಏರುತ್ತದೆ ಎಂದು ಕಾಯಬೇಡಿ. 11,581 ರೂಪಾಯಿ ಹತ್ತು ವರ್ಷದ ನಂತರ ಈಗಿನಷ್ಟು ತರಕಾರಿ, ಔಷಧಿ ತರುವುದಿಲ್ಲ.

ಮಕ್ಕಳ ಸರದಿ: ಇಬ್ಬರೂ ಹೋದ ಮೇಲೆ

ಲೆಕ್ಕದಿಂದಲೇ ಶುರು ಮಾಡೋಣ. ಅದೇ ದಂಪತಿ ಆರೇ ವರ್ಷದಲ್ಲಿ ಇಬ್ಬರೂ ತೀರಿಕೊಂಡರೆ ಸಾಲ ಸುಮಾರು 11 ಲಕ್ಷದ 36 ಸಾವಿರ. ಅದರಲ್ಲಿ ಬಡ್ಡಿ 3 ಲಕ್ಷ ಚಿಲ್ಲರೆ. ಮಕ್ಕಳು ಇದನ್ನು ಸುಲಭವಾಗಿ ತೀರಿಸಿ ಮನೆ ಉಳಿಸಿಕೊಳ್ಳಬಹುದು. 15 ವರ್ಷಕ್ಕೆ ಸರಿಯಾಗಿ ಆದರೆ 48 ಲಕ್ಷ. ತಾಯಿ ಅವಧಿ ಮುಗಿದ ಮೇಲೂ ಐದು ವರ್ಷ ಬದುಕಿದ್ದರು ಎಂದುಕೊಳ್ಳಿ. ಆ ಐದು ವರ್ಷ ಅವರಿಗೆ ಒಂದು ರೂಪಾಯಿಯೂ ಬಂದಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಸಾಲ ಸುಮಾರು 79 ಲಕ್ಷಕ್ಕೆ ಮುಟ್ಟಿರುತ್ತದೆ. ಇವನ್ನೂ ನೀವೇ ನೋಡಬಹುದು:

```
=FV(10%/12,72,-11581)
=FV(10%/12,60,0,-4800000)
```

79 ಲಕ್ಷ ಅಂದ ಕೂಡಲೇ ಎದೆ ಝಲ್ಲೆನ್ನುತ್ತದೆ. ಆದರೆ ಮಕ್ಕಳಿಗೆ ಒಂದು ಗಟ್ಟಿ ರಕ್ಷಣೆ ಇದೆ. ಈ ಸಾಲದಲ್ಲಿ ಮನೆ ಮಾರಿದರೆ ಬರುವ ಹಣಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಆ ಹೊತ್ತಿಗೆ ಮನೆ 70 ಲಕ್ಷಕ್ಕೇ ಹೋದರೆ ಉಳಿದ 9 ಲಕ್ಷದ ನಷ್ಟ ಬ್ಯಾಂಕಿನದು. ಮಕ್ಕಳ ಸಂಬಳಕ್ಕಾಗಲೀ ಅವರ ಸ್ವಂತ ಆಸ್ತಿಗಾಗಲೀ ಅದು ಬರುವುದಿಲ್ಲ. ಅಪ್ಪ ಅಮ್ಮ ಷರತ್ತುಗಳನ್ನು ಪಾಲಿಸಿರಬೇಕು, ಅಷ್ಟೇ. ಅದೇ ಮನೆ 1 ಕೋಟಿ 50 ಲಕ್ಷಕ್ಕೆ ಹೋದರೆ ಸಾಲ ಕಳೆದು ಉಳಿದ 71 ಲಕ್ಷ ಮಕ್ಕಳದು. ಬ್ಯಾಂಕು ಅದನ್ನು ಇಟ್ಟುಕೊಳ್ಳುವಂತಿಲ್ಲ.

ಈಗ ಕೆಲಸದ ಕ್ರಮ. ಹದಿಮೂರನೇ ದಿನದ ಕಾರ್ಯ ಮುಗಿದ ವಾರದಲ್ಲೇ ಮರಣ ಪ್ರಮಾಣ ಪತ್ರದ ಪ್ರತಿಯೊಂದಿಗೆ ಬ್ಯಾಂಕಿಗೆ ಪತ್ರ ಕೊಡಿ. ಇಂದಿನವರೆಗೆ ಬಾಕಿ ಎಷ್ಟು, ದಿನಕ್ಕೆ ಎಷ್ಟು ಬಡ್ಡಿ ಸೇರುತ್ತಿದೆ ಎಂದು ಬರಹದಲ್ಲಿ ಕೇಳಿ. ತಡ ಮಾಡಿದರೆ ನಷ್ಟ ನಿಮ್ಮದೇ. 79 ಲಕ್ಷದ ಮೇಲೆ ತಿಂಗಳಿಗೆ 65 ಸಾವಿರಕ್ಕೂ ಹೆಚ್ಚು ಬಡ್ಡಿ.

ಮಕ್ಕಳಿಗೆ ಸಿಗುವ ಸಮಯ ಕಡಿಮೆ. ಮನೆ ಮಾರಲು ಎರಡು ತಿಂಗಳವರೆಗೆ ಸಮಯ ಕೊಡಬಹುದು ಎಂದು ನಿಯಮಾವಳಿ ಹೇಳುತ್ತದೆ. ಕೆಲವು ಬ್ಯಾಂಕುಗಳ ಷರತ್ತಿನಲ್ಲಿ ಇದು ಹೆಚ್ಚಿರುತ್ತದೆ. ನಿಮ್ಮ ಸಾಲದ ಒಪ್ಪಂದದಲ್ಲಿ ಏನಿದೆ ಎಂದು ಅಪ್ಪ ಅಮ್ಮ ಇರುವಾಗಲೇ ನೋಡಿಟ್ಟುಕೊಳ್ಳಿ. ಎರಡು ತಿಂಗಳಲ್ಲಿ ನಾಡಕಚೇರಿಯಿಂದ ವಂಶವೃಕ್ಷ ತರಿಸಿ, ಖಾತೆ ಬದಲಾಯಿಸಿ, ಗಿರಾಕಿ ಹುಡುಕಿ, ನೋಂದಣಿ ಮಾಡಿಸುವುದು ಸುಲಭವಲ್ಲ. ಪ್ರಯತ್ನ ನಡೆಯುತ್ತಿದೆ ಎನ್ನುವುದಕ್ಕೆ ದಾಖಲೆ ತೋರಿಸಿ ಹೆಚ್ಚಿನ ಸಮಯ ಕೇಳಿ. ಮಾರಾಟದ ಕರಾರು ಆಗಿದ್ದರೆ ಅದರ ಪ್ರತಿ ಕೊಡಿ. ಒಂದು ಮಗು ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯನ್ನು ಮೊದಲ ವಾರವೇ ಕಳುಹಿಸಲು ಹೇಳಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು.

ಮಕ್ಕಳ ಮುಂದೆ ಮೂರು ದಾರಿ. ಒಂದು, ಸಾಲ ತೀರಿಸಿ ಮನೆ ಉಳಿಸಿಕೊಳ್ಳುವುದು. ಇದಕ್ಕೆ ಮೊದಲ ಹಕ್ಕು ವಾರಸುದಾರರದು. ಒಬ್ಬರು ಮಾತ್ರ ಉಳಿಸಿಕೊಳ್ಳುವುದಾದರೆ, ಮಿಕ್ಕವರ ಪಾಲಿಗೆ ಹಣ ಕೊಟ್ಟು ಅವರಿಂದ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಳ್ಳಬೇಕು. ಪಾಲು ಲೆಕ್ಕ ಹಾಕುವುದು ಮನೆಯ ಪೂರ್ತಿ ಬೆಲೆಯ ಮೇಲಲ್ಲ, ಸಾಲ ಕಳೆದು ಉಳಿದದ್ದರ ಮೇಲೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಎರಡು, ಮಕ್ಕಳೇ ಮಾರುವುದು. ಮೂಲ ಪತ್ರ ಬ್ಯಾಂಕಿನಲ್ಲಿರುವುದರಿಂದ ಕೊಳ್ಳುವವರು ಹಿಂಜರಿಯುತ್ತಾರೆ. ಸಾಲ ಇದೆ ಎಂದು ಮೊದಲ ದಿನವೇ ಹೇಳಿ, ಬಾಕಿ ಪತ್ರ ತೋರಿಸಿ. ಕೊಳ್ಳುವವರು ಸಾಲದ ಮೊತ್ತವನ್ನು ನೇರ ಬ್ಯಾಂಕಿಗೇ ಕಟ್ಟಿ, ಉಳಿದದ್ದನ್ನು ಮಕ್ಕಳಿಗೆ ಕೊಡುವ ಹಾಗೆ ಕರಾರು ಬರೆಸಿದರೆ ಇಬ್ಬರಿಗೂ ಧೈರ್ಯ.

ಮೂರು, ಸುಮ್ನೆ ಇದ್ದುಬಿಡುವುದು. ಆಗ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು, ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಹರಾಜಿನಲ್ಲಿ ಮಾರುಕಟ್ಟೆ ಬೆಲೆ ಬರುವುದು ಅಪರೂಪ, ಖರ್ಚೂ ಅದರಿಂದಲೇ ಕಳೆಯುತ್ತಾರೆ. ಸಾಲ ಮನೆಯ ಬೆಲೆಯನ್ನು ದಾಟಿಬಿಟ್ಟಿದ್ದರೆ ಮಾತ್ರ ಈ ದಾರಿಯಲ್ಲಿ ಮಕ್ಕಳಿಗೆ ನಷ್ಟವಿಲ್ಲ. ಆಗಲೂ ಕೀಲಿಕೈಯನ್ನು ಪತ್ರದ ಸಮೇತ ಒಪ್ಪಿಸಿ, ಸ್ವೀಕೃತಿ ಪಡೆಯಿರಿ.

ಮಾರಿದರೆ ತೆರಿಗೆ? ಹಿರಿಯರಿಗೆ ಸಿಕ್ಕಿದ್ದ ವಿನಾಯಿತಿ ಮಾರಾಟಕ್ಕೆ ಅನ್ವಯಿಸುವುದಿಲ್ಲ. ಮಕ್ಕಳು ಬಂಡವಾಳ ಲಾಭದ ತೆರಿಗೆ ಕಟ್ಟಬೇಕಾಗಬಹುದು. ಕೈಗೆ ಬಂದ 71 ಲಕ್ಷದಿಂದ ಲೆಕ್ಕ ಶುರುವಾಗುವುದಿಲ್ಲ, ಒಂದೂವರೆ ಕೋಟಿಯಿಂದ ಶುರುವಾಗುತ್ತದೆ. ಅಪ್ಪ ಕೊಂಡ ಬೆಲೆ ಮತ್ತು ಕೊಂಡ ದಿನಾಂಕವೇ ಮಕ್ಕಳಿಗೂ ಅನ್ವಯ. ಹಾಗಾಗಿ ಹಳೆಯ ಕ್ರಯಪತ್ರ, ಕಟ್ಟಿಸಿದ ಬಿಲ್ಲುಗಳು ಬೇಕೇ ಬೇಕು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅಂಶ ಇದೆ. ಹಿಂದಿನ ಮಾಲೀಕರು ಮಾಡಿದ್ದ ಅಡಮಾನವನ್ನು ವಾರಸುದಾರರು ತೀರಿಸಿದರೆ, ತೀರಿಸಿದ ಹಣ ಅವರ ಪಾಲಿಗೆ ಆಸ್ತಿಯ ವೆಚ್ಚ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಆರ್.ಎಂ. ಅರುಣಾಚಲಂ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಆಡಿಟರ್ ಹತ್ತಿರ ಈ ತೀರ್ಪಿನ ಹೆಸರು ಹೇಳಿಯೇ ಕೇಳಿ. ತೆರಿಗೆಯಲ್ಲಿ ಲಕ್ಷಗಳ ವ್ಯತ್ಯಾಸ ಆಗಬಹುದು.

ಸಾಲ ತೀರಿದ ಮೇಲೆ ಕೊನೆಯ ಕೆಲಸ ಕಾಗದದ್ದು. ರಿಸರ್ವ್ ಬ್ಯಾಂಕಿನ 2023ರ ಆದೇಶದ ಪ್ರಕಾರ ಪೂರ್ತಿ ಹಣ ಕಟ್ಟಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಸಾಲಗಾರರು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡುವ ಕ್ರಮವನ್ನೂ ಬ್ಯಾಂಕು ಮೊದಲೇ ಪ್ರಕಟಿಸಿರಬೇಕು. ಪತ್ರಗಳನ್ನು ತೆಗೆದುಕೊಳ್ಳುವಾಗ ಸಾಲ ಕೊಡುವ ದಿನ ಬ್ಯಾಂಕು ಕೊಟ್ಟಿದ್ದ ಪಟ್ಟಿಯ ಜೊತೆ ಒಂದೊಂದಾಗಿ ಹೊಂದಿಸಿ ನೋಡಿ. ಅಡಮಾನ ನೋಂದಣಿ ಆಗಿದ್ದರೆ ಅದರ ರದ್ದತಿಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಕೆಲವು ದಿನ ಬಿಟ್ಟು ಹೊಸ ಇಸಿ ತೆಗೆಸಿ, ಅದರಲ್ಲಿ ರದ್ದತಿ ದಾಖಲಾಗಿದೆಯೇ ಎಂದು ನೋಡಿ.